ಹನಿ ಎಣಿಸುವ ಗಡಸುತನದ ಕಿಟ್: ಅಳತೆ ಸರಿ, ಆದ್ರೆ ಯಾವ ಡಿಗ್ರಿ ಅಂತ ಬರೆದಿಲ್ಲ

ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಹನಿ ಕಿಟ್ ಇದು. ನಮ್ಮ ಮನೆಯಲ್ಲಿ ಮೀನಿಲ್ಲ, ಡಿಶ್‌ವಾಷರ್‌ಗೋಸ್ಕರ ತಂದಿದ್ದು. ಎರಡು ವರ್ಷದ ಮೇಲಾಯಿತು, ಈಗಲೂ ಬಳಸುತ್ತಿದ್ದೇನೆ, ಖಾಲಿಯಾದರೆ ಮತ್ತೆ ತರುತ್ತೇನೆ. ಆದರೂ ಒಂದು ವಿಷಯಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ಒಳಗಿನ ಚೀಟಿಯಲ್ಲಿ '1 ಹನಿ = 1 ಡಿಗ್ರಿ' ಅಂತ ಇದೆ. ಯಾವ ಡಿಗ್ರಿ? ಅದನ್ನು ಎಲ್ಲೂ ಬರೆದಿಲ್ಲ. ನೀರಿನ ಗಡಸುತನಕ್ಕೆ ಜರ್ಮನ್ ಡಿಗ್ರಿ, ಫ್ರೆಂಚ್ ಡಿಗ್ರಿ, ಇಂಗ್ಲಿಷ್ ಡಿಗ್ರಿ ಅಂತ ಬೇರೆ ಬೇರೆ ಲೆಕ್ಕ ಇರುವಾಗ ಬರೀ ಡಿಗ್ರಿ ಅಂದರೆ ಕೊಂಡವರು ಏನು ಮಾಡಬೇಕು?

ಇದು ಸುಮ್ನೆ ಗೊಣಗಾಟ ಅಲ್ಲ. ನಮ್ಮದು ಬೆಂಗಳೂರಿನ ಪೂರ್ವ ಭಾಗದ ಅಪಾರ್ಟ್‌ಮೆಂಟ್. ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರೂ ಒಂದೇ ಸಂಪಿಗೆ ಬಂದು ಸೇರುತ್ತವೆ. ಡಿಶ್‌ವಾಷರ್ ಕೂರಿಸಲು ಬಂದವರಿಗೆ ನಮ್ಮ ಅಸೋಸಿಯೇಷನ್ ಮಾಡಿಸಿದ್ದ ಲ್ಯಾಬ್ ರಿಪೋರ್ಟ್ ತೋರಿಸಿದೆ. ಒಟ್ಟು ಗಡಸುತನ ಲೀಟರಿಗೆ 412 ಮಿಲಿಗ್ರಾಂ, CaCO3 ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ. "ಹತ್ತರಿಂದ ಭಾಗಿಸಿದ್ರೆ ಡಿಗ್ರಿ ಬರುತ್ತೆ ಮೇಡಂ, 41" ಅಂದು ಯಂತ್ರದ ಗಡಸುತನದ ಸೆಟ್ಟಿಂಗನ್ನು H07ಕ್ಕೆ ಇಟ್ಟು ಹೋದರು. ಹತ್ತರಿಂದ ಭಾಗಿಸಿದರೆ ಬರುವುದು ಫ್ರೆಂಚ್ ಡಿಗ್ರಿ. ನನ್ನ ಯಂತ್ರದ ಪುಸ್ತಕದಲ್ಲಿರುವ ಪಟ್ಟಿ ಜರ್ಮನ್ ಡಿಗ್ರಿಯದು. ಅದರಲ್ಲಿ 22ರಿಂದ 30 ಇದ್ದರೆ H06, 31ರಿಂದ 50 ಇದ್ದರೆ H07. ಜರ್ಮನ್ ಲೆಕ್ಕದಲ್ಲಿ 412 ಅಂದರೆ 23 ಮಾತ್ರ. ಅಂದರೆ ಅಗತ್ಯಕ್ಕಿಂತ ಒಂದು ಮೆಟ್ಟಿಲು ಮೇಲೆ. ಯಂತ್ರದೊಳಗೆ ನೀರಿನ ಗಡಸುತನ ತೆಗೆಯುವ ರೆಸಿನ್ ಬೇಕಿದ್ದಕ್ಕಿಂತ ಬೇಗ ಬೇಗ ಉಪ್ಪುನೀರಿನಲ್ಲಿ ತೊಳೆಸಿಕೊಳ್ಳುತ್ತಿತ್ತು, ಉಪ್ಪಿನ ದೀಪ ಪದೇ ಪದೇ ಹತ್ತುತ್ತಿತ್ತು. ಡಿಶ್‌ವಾಷರ್ ಉಪ್ಪೇನು ಅಗ್ಗದ್ದಲ್ಲ.

23 ಹೇಗೆ ಬಂತು ಅಂದರೆ, ಒಂದು ಜರ್ಮನ್ ಡಿಗ್ರಿ ಅಂದರೆ ಒಂದು ಲೀಟರ್ ನೀರಿನಲ್ಲಿ 10 ಮಿಲಿಗ್ರಾಂ ಕ್ಯಾಲ್ಸಿಯಂ ಆಕ್ಸೈಡ್, ಅಂದರೆ ಸುಟ್ಟ ಸುಣ್ಣ. ಲ್ಯಾಬಿನವರು ಲೆಕ್ಕ ಹಾಕುವುದು ಕ್ಯಾಲ್ಸಿಯಂ ಕಾರ್ಬೊನೇಟ್‌ನಲ್ಲಿ. ಅಷ್ಟೇ ಕ್ಯಾಲ್ಸಿಯಂ ಹಿಡಿಯಲು ಆಕ್ಸೈಡ್ 56 ತೂಕ ಸಾಕಾದರೆ ಕಾರ್ಬೊನೇಟ್ 100 ತೂಕ ಬೇಕು. ಹಾಗಾಗಿ 10ನ್ನು 100ರಿಂದ ಗುಣಿಸಿ 56ರಿಂದ ಭಾಗಿಸಿದರೆ ಸುಮಾರು 17.85. ಒಂದು ಜರ್ಮನ್ ಡಿಗ್ರಿಗೆ 17.85 ಮಿಲಿಗ್ರಾಂ. ಫ್ರೆಂಚರು ನೇರವಾಗಿ ಕಾರ್ಬೊನೇಟನ್ನೇ ತೆಗೆದುಕೊಂಡರು, ಅವರ ಒಂದು ಡಿಗ್ರಿ 10 ಮಿಲಿಗ್ರಾಂ. ಇಂಗ್ಲಿಷ್ ಡಿಗ್ರಿಗೆ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಥಾಮಸ್ ಕ್ಲಾರ್ಕ್ ಹೆಸರಿದೆ. ಅದು ಒಂದು ಇಂಗ್ಲಿಷ್ ಗ್ಯಾಲನ್ ನೀರಿಗೆ ಒಂದು ಗ್ರೇನ್ ಅನ್ನುವ ಹಳೆಯ ತೂಕದಷ್ಟು ಕಾರ್ಬೊನೇಟ್, ಲೀಟರಿಗೆ ತಂದರೆ 14.25 ಮಿಲಿಗ್ರಾಂ.

ಯಂತ್ರದ ಜೊತೆ ಒಂದು ಬಣ್ಣದ ಪಟ್ಟಿಯೂ ಬಂದಿತ್ತು. ಅದ್ದಿ ತೆಗೆದರೆ ಚೌಕಗಳೆಲ್ಲ ಬಣ್ಣ ತಿರುಗಿದವು, ಅರ್ಥ '21ಕ್ಕಿಂತ ಜಾಸ್ತಿ'. ಅದಕ್ಕಿಂತ ಮೇಲೆ ಅದು ಬಾಯಿ ಬಿಡುವುದಿಲ್ಲ. H06ಆ H07ಆ ಅನ್ನುವುದು ನನ್ನ ಪ್ರಶ್ನೆ, ಎರಡೂ ಇರುವುದು 21ರ ಮೇಲೆಯೇ. ಹಾಗಾಗಿ ಹನಿ ಕಿಟ್ ಹುಡುಕಿಕೊಂಡು ಹೋದೆ.

ಬಳಸುವುದು ಚಂದ. ಶನಿವಾರ ಬೆಳಿಗ್ಗೆ, ಡಿಕಾಕ್ಷನ್ ಇಳಿಯುವಷ್ಟರಲ್ಲಿ ಮುಗಿಯುತ್ತದೆ. ನಲ್ಲಿಯನ್ನು ಸ್ವಲ್ಪ ಹೊತ್ತು ಬಿಟ್ಟು, ಗಾಜಿನ ಟ್ಯೂಬನ್ನು ಅದೇ ನೀರಿನಲ್ಲಿ ಮೂರು ಸಲ ಅಲುಬಿ, 5 ಮಿಲಿಲೀಟರ್ ಗೆರೆಯವರೆಗೆ ತುಂಬಬೇಕು. ಬಾಟಲಿಯನ್ನು ನೆಟ್ಟಗೆ ತಲೆಕೆಳಗಾಗಿ ಹಿಡಿಯಬೇಕು. ಓರೆ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ, ಎಣಿಕೆಯೂ ಹಾಳು. ಮೊದಲ ಹನಿಗೇ ನೀರು ಕೆಂಪಗಾಗುತ್ತದೆ. ಒಂದೊಂದು ಹನಿಗೂ ಮುಚ್ಚಳ ಹಾಕಿ ಅಲ್ಲಾಡಿಸಿ, ಮಗಳು ಜೋರಾಗಿ ಎಣಿಸುತ್ತಾಳೆ. ಹತ್ತು, ಹದಿನೈದು, ಇಪ್ಪತ್ತು, ಇನ್ನೂ ಕೆಂಪು. ಆಮೇಲೆ ಒಂದು ಹನಿಗೆ ಸ್ವಲ್ಪ ಮಂಕಾಗಿ, ಮುಂದಿನದಕ್ಕೆ ಪಕ್ಕಾ ಹಸಿರು. ಬಿಳಿ ಕಾಗದದ ಮೇಲೆ ಹಿಡಿದು ನೋಡಿದರೆ ಅನುಮಾನವೇ ಉಳಿಯುವುದಿಲ್ಲ. ಆ ಬಣ್ಣ ತಿರುಗುವುದನ್ನು ನೋಡುವ ಖುಷಿ ನನಗಿನ್ನೂ ಕಡಿಮೆಯಾಗಿಲ್ಲ. ಬಾಟಲಿಯ ದ್ರಾವಣ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಒಂದೊಂದಾಗಿ ಹಿಡಿದುಕೊಳ್ಳುತ್ತದೆ. ಹಿಡಿಯಲು ಏನೂ ಉಳಿಯದಾಗ ಬಣ್ಣ ತಿರುಗುತ್ತದೆ.

ನಮ್ಮ ನೀರಿಗೆ 23 ಹನಿ ಬಿತ್ತು. ಲ್ಯಾಬಿನ 412ನ್ನು 23ರಿಂದ ಭಾಗಿಸಿದರೆ 17.9. ಅಂದರೆ ಕಿಟ್ ಜರ್ಮನ್ ಡಿಗ್ರಿಯದು. ಫ್ರೆಂಚ್ ಆಗಿದ್ದರೆ 41 ಹನಿ ಬೀಳಬೇಕಿತ್ತು, ಇಂಗ್ಲಿಷ್ ಆಗಿದ್ದರೆ 29. ಇಷ್ಟನ್ನು ಚೀಟಿಯಲ್ಲಿ ಒಂದು ಪದದಲ್ಲಿ ಹೇಳಬಹುದಿತ್ತು, ಅಲ್ವಾ?

ಲ್ಯಾಬ್ ರಿಪೋರ್ಟ್ ಇಲ್ಲದವರಿಗೆ ಇನ್ನೊಂದು ದಾರಿ ಇದೆ. ಮೆಡಿಕಲ್ ಶಾಪಿನ ಎಪ್ಸಮ್ ಸಾಲ್ಟ್ 1 ಗ್ರಾಂ ತೆಗೆದುಕೊಂಡು 1 ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿದರೆ ಅದರ ಗಡಸುತನ CaCO3 ಲೆಕ್ಕದಲ್ಲಿ 406 ಮಿಲಿಗ್ರಾಂ. ಅಡುಗೆಮನೆ ತಕ್ಕಡಿಯಲ್ಲಿ 1 ಗ್ರಾಂ ನಂಬುವಂತಿಲ್ಲ. ಅದಕ್ಕೆ 10 ಗ್ರಾಂ ತೂಗಿ ನೀರು ಸೇರಿಸಿ 1 ಲೀಟರ್ ಮಾಡಿ, ಅದರಲ್ಲಿ 100 ಮಿಲಿಲೀಟರ್ ತೆಗೆದು ಅದನ್ನು ಮತ್ತೆ 1 ಲೀಟರ್ ಮಾಡುತ್ತೇನೆ. ಆ ನೀರಿಗೆ ಜರ್ಮನ್ ಕಿಟ್ ಆದರೆ 23 ಹನಿ, ಫ್ರೆಂಚ್ ಆದರೆ 41, ಇಂಗ್ಲಿಷ್ ಆದರೆ 29ರ ಹತ್ತಿರ. ನೀರು ಮಾತ್ರ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆಗಿರಲಿ. ಮನೆಯ ಆರ್‌ಒ ಯಂತ್ರಗಳಲ್ಲಿ ಕೆಲವು ರುಚಿಗೆ ಅಂತ ಸ್ವಲ್ಪ ಕಚ್ಚಾ ನೀರನ್ನು ಬೆರೆಸುತ್ತವೆ, ಆ ನೀರು ಲೆಕ್ಕ ಕೆಡಿಸುತ್ತದೆ. ಎಪ್ಸಮ್ ಸಾಲ್ಟ್ ಕೂಡ ಹೊಸ ಪ್ಯಾಕೆಟ್‌ನದೇ ಬೇಕು. ತೆರೆದಿಟ್ಟದ್ದು ತನ್ನೊಳಗಿನ ನೀರು ಕಳೆದುಕೊಂಡು ಹಗುರಾಗಿರುತ್ತದೆ, ಹತ್ತು ಗ್ರಾಂನಲ್ಲಿ ಮೆಗ್ನೀಸಿಯಂ ಜಾಸ್ತಿ ಬಂದುಬಿಡುತ್ತದೆ. ಹಳೆಯ ಬಾಟಲಿ ಇನ್ನೂ ಸರಿ ಇದೆಯೇ ಅಂತ ನೋಡಲೂ ನಾನು ಇದನ್ನೇ ಮಾಡುತ್ತೇನೆ.

ಒಂದು ಮಾತು: ಅಮೆರಿಕದವರ ಗ್ರೇನ್ ಲೆಕ್ಕದ ಕಿಟ್ ಆಗಿದ್ದರೆ ಈ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ. ಅವರ ಗ್ಯಾಲನ್ ಚಿಕ್ಕದು, ಹಾಗಾಗಿ ಅವರ ಗ್ಯಾಲನ್ನಿಗೆ ಒಂದು ಗ್ರೇನ್ ಅಂದರೆ ಲೀಟರಿಗೆ 17.1 ಮಿಲಿಗ್ರಾಂ. ಜರ್ಮನ್ ಡಿಗ್ರಿಗೆ ತೀರಾ ಹತ್ತಿರ. ಇಷ್ಟು ಗಡಸು ನೀರಿನಲ್ಲೂ ವ್ಯತ್ಯಾಸ ಒಂದೇ ಹನಿ.

ಒಂದು ಹನಿಯನ್ನು ಕಿಟ್ ಎಷ್ಟು ನಿಖರವಾಗಿ ಹೇಳುತ್ತದೆ ಅನ್ನುವುದೂ ಮುಖ್ಯ. 23ನೇ ಹನಿಗೆ ಹಸಿರಾಯಿತು ಅಂದರೆ ನಿಜವಾದ ಬಿಂದು 22ಕ್ಕೂ 23ಕ್ಕೂ ನಡುವೆ ಎಲ್ಲೋ ಇದೆ. ಮಿಲಿಗ್ರಾಂನಲ್ಲಿ 393ರಿಂದ 410. ಅದಕ್ಕೇ 23ನ್ನು 17.848ರಿಂದ ಗುಣಿಸಿ 410.5 ಅಂತ ಬರೆದುಕೊಳ್ಳುವುದರಲ್ಲಿ ಅರ್ಥವಿಲ್ಲ, '400ರ ಆಸುಪಾಸು' ಅಂದುಕೊಂಡರೆ ಸಾಕು. ನನ್ನ ಯಂತ್ರದಲ್ಲಿ H05 ಮುಗಿಯುವುದು 21ಕ್ಕೆ, H06 ಶುರುವಾಗುವುದು 22ಕ್ಕೆ. ನಾನು ಗಡಿಯ ಮೇಲೆಯೇ ಇದ್ದೇನೆ. ಅದಕ್ಕೆ ನೀರನ್ನು 10 ಮಿಲಿಲೀಟರ್ ತೆಗೆದುಕೊಂಡು ಇನ್ನೊಮ್ಮೆ ಮಾಡಿದೆ, ಆಗ ಒಂದು ಹನಿ ಅಂದರೆ ಅರ್ಧ ಡಿಗ್ರಿ. 46 ಹನಿ ಬಿತ್ತು. H06 ಖಾತ್ರಿಯಾಯಿತು, ನಾನೇ ಬದಲಾಯಿಸಿದೆ. ಲೋಟಗಳು ಮೊದಲಿನಷ್ಟೇ ಹೊಳೆಯುತ್ತಿವೆ, ಉಪ್ಪಿನ ದೀಪ ಹತ್ತುವುದು ನಿಧಾನವಾಗಿದೆ.

ಗಡಸು ನೀರಿನವರಿಗೆ ಇನ್ನೊಂದು ಬೇಸರ, ಬಾಟಲಿ ಬೇಗ ಖಾಲಿ. ನೀರು ಗಡಸಾದಷ್ಟೂ ಹನಿ ಜಾಸ್ತಿ. ಬೇಸಿಗೆಯಲ್ಲಿ ಟ್ಯಾಂಕರ್ ನೀರೇ ಗತಿಯಾದಾಗ ಪ್ರತಿ ಸಲ ಇಪ್ಪತ್ತರ ಮೇಲೆ ಹೋಗುತ್ತದೆ. ಆಗ ಸುಮ್ನೆ ಅಂದಾಜು ಬೇಕಿದ್ದರೆ 2.5 ಮಿಲಿಲೀಟರ್ ನೀರು ತೆಗೆದುಕೊಳ್ಳುತ್ತೇನೆ, ಒಂದು ಹನಿಗೆ ಎರಡು ಡಿಗ್ರಿ. ನಿಖರತೆ ಅರ್ಧಕ್ಕಿಳಿಯುತ್ತದೆ, ಗಡಿಯಿಂದ ದೂರ ಇದ್ದರೆ ಅದರಿಂದ ತೊಂದರೆ ಇಲ್ಲ. ಕಳೆದ ಮಳೆಗಾಲ ಕಾವೇರಿ ಜಾಸ್ತಿ ಬಂದಾಗ 9 ಹನಿಗೇ ಹಸಿರಾಯಿತು, ಅಂದರೆ 160 ಮಿಲಿಗ್ರಾಂ. H02ಕ್ಕೆ ಇಳಿಸಿದೆ. ಅದೇ ನಲ್ಲಿ, ಅದೇ ಯಂತ್ರ. ಒಂದೇ ರಿಪೋರ್ಟ್ ನಂಬಿ ವರ್ಷವಿಡೀ ಇದ್ದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ. ಕಿಟ್ ಮೇಲಿನ ನನ್ನ ಸಿಟ್ಟು ಸ್ವಲ್ಪ ಇಳಿದದ್ದೂ ಆಗಲೇ.

ಕೆಳಗಿನ ಮನೆಯವರ ಕಥೆಯನ್ನೂ ಹೇಳಬೇಕು. ಅವರ ಲೋಟಗಳ ಮೇಲೆ ಬಿಳಿ ಪೊರೆ. ವಿನೆಗರ್ ಹಾಕಿ ಉಜ್ಜಿದರೆ ಹೋಗುತ್ತಿತ್ತು, ಹಾಗಾಗಿ ಅದು ಸುಣ್ಣವೇ, ಗಾಜು ಸವೆದದ್ದಲ್ಲ. ಅವರು ಬೇರೆ ಕಡೆ ಮಾಡಿಸಿದ ಪರೀಕ್ಷೆಯಲ್ಲಿ ಒಟ್ಟು ಗಡಸುತನದ ಸಾಲೇ ಇರಲಿಲ್ಲ. ಕ್ಯಾಲ್ಸಿಯಂ 96, ಮೆಗ್ನೀಸಿಯಂ 41 ಅಂತಷ್ಟೇ ಇತ್ತು. ಎರಡನ್ನೂ ಕೂಡಿ 137, ಅದನ್ನು 17.85ರಿಂದ ಭಾಗಿಸಿ 8 ಡಿಗ್ರಿ ಅಂತ ಯಾರೋ ಯಂತ್ರವನ್ನು H01ಕ್ಕೆ ಇಟ್ಟಿದ್ದರು. ಹಾಗೆ ಕೂಡುವಂತಿಲ್ಲ. ಅವು ಬರೀ ಕ್ಯಾಲ್ಸಿಯಂ, ಬರೀ ಮೆಗ್ನೀಸಿಯಂ ತೂಕ. ಮೊದಲು ಕಾರ್ಬೊನೇಟ್ ಲೆಕ್ಕಕ್ಕೆ ತರಬೇಕು, ಕ್ಯಾಲ್ಸಿಯಂಗೆ 2.5ರಿಂದ, ಮೆಗ್ನೀಸಿಯಂಗೆ 4.12ರಿಂದ ಗುಣಿಸಿ. 96ಕ್ಕೆ 240, 41ಕ್ಕೆ 169, ಒಟ್ಟು 409. ಮತ್ತೆ ಅದೇ 23 ಡಿಗ್ರಿ. ನಮ್ಮ ಕಿಟ್ ಒಯ್ದು ಅವರ ಸಿಂಕಿನಲ್ಲೂ ಹನಿ ಹಾಕಿ ತೋರಿಸಿದೆ, 23ಕ್ಕೇ ಹಸಿರು. ಮೆಗ್ನೀಸಿಯಂ ಹಗುರ, ಅದಕ್ಕೇ ತೂಕ ಕಡಿಮೆ ಕಂಡರೂ ಗಡಸುತನಕ್ಕೆ ಅದರ ಪಾಲು ದೊಡ್ಡದು.

ಟಿಡಿಎಸ್ ಪೆನ್ ಇದ್ದರೆ ಸಾಕಲ್ಲ ಅಂತ ಕೇಳುವವರಿಗೆ: ಸಾಕಾಗುವುದಿಲ್ಲ. ಅದು ನೀರಿನಲ್ಲಿ ಕರಗಿದ ಎಲ್ಲ ಲವಣಗಳನ್ನೂ ಸೇರಿಸಿ ಅಂದಾಜು ಹೇಳುತ್ತದೆ. ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ, ಗಡಸುತನ ಸೊನ್ನೆಗೆ ಬಂದರೂ ಪೆನ್ನಿನ ಅಂಕಿ ಇಳಿಯುವುದಿಲ್ಲ. ಆ ಅಂಕಿಯನ್ನು 17.85ರಿಂದ ಭಾಗಿಸಿದರೆ ಬರುವುದು ಯಾವ ಡಿಗ್ರಿಯೂ ಅಲ್ಲ.

ಬೆಲೆಗೆ ಕಿಟ್ ಒಳ್ಳೆಯದೇ. ನನ್ನಂತೆ ಮಿಶ್ರ ನೀರಿನ ಮನೆಯವರು, ಅದರಲ್ಲೂ ಉಪ್ಪಿನ ಖರ್ಚು ಲೆಕ್ಕ ಹಾಕುವವರು ಧೈರ್ಯವಾಗಿ ತೆಗೆದುಕೊಳ್ಳಿ. ವರ್ಷಪೂರ್ತಿ ಕಾವೇರಿ ಮಾತ್ರ ಬರುವ ಮನೆಯಾದರೆ ಯಂತ್ರದ ಜೊತೆ ಬರುವ ಬಣ್ಣದ ಪಟ್ಟಿಯೇ ಸಾಕು. ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಉಳಿದ ಒಂದು, ಚೀಟಿಯಲ್ಲಿ 'ಜರ್ಮನ್ ಡಿಗ್ರಿ, 17.85 ಮಿಲಿಗ್ರಾಂ' ಅಂತ ಒಂದು ಸಾಲು ಅಚ್ಚು ಹಾಕಿದ ದಿನ.