ಪಟ, ಸಾಲು, ಶೇಕಡಾ: ಮೂರು ಆ್ಯಪ್‌ಗಳಲ್ಲಿ ಒಬ್ಬಳೇ ನಾನು

ಮಾರ್ಚ್‌ನಿಂದ ಮೇ ಕೊನೆಯವರೆಗೆ ಮೂರು ಡೇಟಿಂಗ್ ಆ್ಯಪ್‌ಗಳನ್ನು ಒಟ್ಟಿಗೆ ಬಳಸಿದೆ. ಟಿಂಡರ್, ಹಿಂಜ್, ಓಕೆಕ್ಯುಪಿಡ್. ಮೂರಕ್ಕೂ ಒಡೆಯ ಒಬ್ಬನೇ, ಮ್ಯಾಚ್ ಗ್ರೂಪ್ ಅನ್ನೋ ಅಮೆರಿಕದ ಕಂಪನಿ. ಆದರೆ ಒಬ್ಬ ಮನುಷ್ಯನನ್ನು ಇನ್ನೊಬ್ಬರ ಕಣ್ಣಿಗೆ ತೋರಿಸುವ ರೀತಿ ಮೂರರಲ್ಲೂ ಬೇರೆ ಬೇರೆ. ನನಗೆ 32 ವರ್ಷ, ಊರು ಸಾಗರ, ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆ ಮನೆ, ಅಕೌಂಟ್ಸ್ ಕೆಲಸ. ಮೂರು ಕಡೆಯೂ ಅದೇ ಆರು ಫೋಟೋ ಹಾಕಿದೆ, ಅದೇ ವಿವರ ಬರೆದೆ. ನಾನು ಬದಲಾಗಿಲ್ಲ, ಆದರೂ ನನ್ನ ಹತ್ತಿರ ಮಾತಿಗೆ ಬಂದವರ ಮನಸ್ಸಿನಲ್ಲಿದ್ದ ‘ನಾನು’ ಬೇರೆ ಬೇರೆ ಆಗಿದ್ದಳು. ಬಂದ ಮೊದಲ ಮೆಸೇಜ್‌ಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಹೋದೆ. ಕೆಳಗೆ ಹೇಳುವುದೆಲ್ಲ ಆ ನೋಟ್‌ಬುಕ್ ನೋಡಿ ಬರೆದದ್ದು.

ಮೊದಲು ಟಿಂಡರ್. ಇಲ್ಲಿ ಪರದೆ ತುಂಬ ಒಂದೇ ಫೋಟೋ. ಕೆಳಗೆ ಹೆಸರು, ವಯಸ್ಸು, ಎಷ್ಟು ಕಿಲೋಮೀಟರ್ ದೂರ ಅನ್ನೋದು. ಬಲಕ್ಕೆ ಸರಿಸಿದರೆ ಇಷ್ಟ, ಎಡಕ್ಕೆ ಸರಿಸಿದರೆ ಬೇಡ. ಇಷ್ಟಪಟ್ಟದ್ದು ಇಡೀ ಕಾರ್ಡನ್ನು. ಆ ಕಾರ್ಡಿನಲ್ಲಿ ಏನು ಹಿಡಿಸಿತು ಅಂತ ಅವರೂ ಹೇಳಬೇಕಿಲ್ಲ, ನಮಗೂ ತಿಳಿಯುವುದಿಲ್ಲ. ಹಾಗಾಗಿ ಮೊದಲ ಫೋಟೋ ಒಂದೇ ಎಲ್ಲ ಕೆಲಸ ಮಾಡುತ್ತದೆ.

ಇದನ್ನು ನೋಡೋಣ ಅಂತ ಎರಡು ವಾರ ಒಂದು ಫೋಟೋ, ಮುಂದಿನ ಎರಡು ವಾರ ಇನ್ನೊಂದು ಫೋಟೋ ಮುಂದೆ ಇಟ್ಟೆ. ಮೊದಲನೆಯದು ಚಿಕ್ಕಪ್ಪನ ಮಗಳ ಮದುವೆಯದು. ಹಸಿರು ರೇಷ್ಮೆ ಸೀರೆ, ಮುಡಿ ತುಂಬ ಮಲ್ಲಿಗೆ, ಹಿಂದೆ ಮಂಟಪದ ಬಾಳೆಕಂಬ. ಎರಡನೆಯದು ಸಾವನದುರ್ಗದ ಬಂಡೆ ಮೇಲೆ ಕೂತದ್ದು, ಮುಖಕ್ಕೆ ಬಿಸಿಲು, ಶೂ ತುಂಬ ಕೆಂಪು ಮಣ್ಣು. ಉಳಿದ ಐದು ಫೋಟೋ, ಕೆಳಗಿನ ಬರಹ ಎಲ್ಲ ಹಾಗೇ ಇತ್ತು. ಸೀರೆಯ ಫೋಟೋ ಮುಂದಿದ್ದಾಗ ಬಂದ ಮಾತುಗಳಲ್ಲಿ ಮನೆ, ಅಡುಗೆ, ಅಪ್ಪ ಅಮ್ಮ ಎಲ್ಲಿದ್ದಾರೆ, ಮದುವೆ ಯಾವಾಗ ಅಂತ ಅಂದುಕೊಂಡಿದ್ದೀರಿ, ಇವೇ ಜಾಸ್ತಿ. ಒಬ್ಬರು ‘ಈಗಿನ ಕಾಲದಲ್ಲಿ ನಿಮ್ಮ ಥರ ಹುಡುಗಿ ಸಿಗೋದು ಕಷ್ಟ’ ಅಂದರು. ನನ್ನ ಬಗ್ಗೆ ಅವರಿಗೆ ಗೊತ್ತಿದ್ದದ್ದು ಒಂದು ಸೀರೆ. ಬಂಡೆಯ ಫೋಟೋ ಮುಂದೆ ಬಂದ ಮೇಲೆ ಆ ಪ್ರಶ್ನೆಗಳು ಹೆಚ್ಚುಕಡಿಮೆ ನಿಂತೇ ಹೋದವು. ಈ ಶನಿವಾರ ಸ್ಕಂದಗಿರಿಗೆ ಬರ್ತೀರಾ, ಬೈಕ್ ಓಡಿಸ್ತೀರಾ, ಇಂಥವು ಶುರುವಾದವು. ನಾನು ವರ್ಷಕ್ಕೆ ಒಂದೆರಡು ಸಲ ಬೆಟ್ಟ ಹತ್ತುವವಳು, ಅಷ್ಟೇ.

ಟಿಂಡರ್‌ನಲ್ಲಿ 2016ರಿಂದ ‘ಸ್ಮಾರ್ಟ್ ಫೋಟೋಸ್’ ಅನ್ನೋ ಸೌಲಭ್ಯ ಇದೆ. ಅದನ್ನು ಆನ್ ಮಾಡಿದರೆ ನಮ್ಮ ಫೋಟೋಗಳನ್ನು ಒಂದೊಂದಾಗಿ ಮುಂದಿಟ್ಟು ಪರೀಕ್ಷೆ ಮಾಡುತ್ತದೆ. ಯಾವುದಕ್ಕೆ ಬಲಕ್ಕೆ ಸರಿಸಿದವರು ಹೆಚ್ಚೋ ಅದನ್ನು ಮುಂದೆ ತರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಅದು ಅಳೆಯುವುದು ಆ ಒಂದು ಕ್ಷಣದ ಬೆರಳನ್ನು. ಆಮೇಲೆ ಮಾತು ನಡೆಯಿತೇ, ಕಾಫಿಗೆ ಕೂತಾಗ ಇಬ್ಬರಿಗೂ ಸರಿ ಅನ್ನಿಸಿತೇ ಅನ್ನೋದು ಆ ಲೆಕ್ಕದಲ್ಲಿ ಬರುವುದಿಲ್ಲ. ಹೆಚ್ಚು ಜನ ಇಷ್ಟಪಡುವ ಫೋಟೋ ಒಂದು, ನಮ್ಮ ಬಗ್ಗೆ ಸರಿಯಾದ ನಿರೀಕ್ಷೆ ಹುಟ್ಟಿಸುವ ಫೋಟೋ ಇನ್ನೊಂದು ಆಗಿರಬಹುದು. ನನ್ನ ವಿಷಯದಲ್ಲಿ ಹಾಗೇ ಆಯಿತು. ನನ್ನನ್ನು ಸರಿಯಾಗಿ ತೋರಿಸುವ ಫೋಟೋ ನಾಲ್ಕನೆಯದು. ಮನೆ ಹತ್ತಿರದ ದರ್ಶಿನಿ ಮುಂದೆ ಸ್ಟೀಲ್ ಲೋಟ ಹಿಡಿದು ಗೆಳತಿಯ ಜೊತೆ ನಗುತ್ತಾ ನಿಂತದ್ದು. ಅದನ್ನು ಮುಂದಿಟ್ಟ ವಾರ ಲೈಕ್ ಕಡಿಮೆ ಬಂದವು, ಆದರೆ ಬಂದವರ ಜೊತೆ ಮಾತು ಸಲೀಸಾಗಿ ಸಾಗಿತು.

ಆ ಕಿಲೋಮೀಟರ್ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಬೆಂಗಳೂರಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಆ್ಯಪ್ ತೋರಿಸುವ ದೂರದಲ್ಲಿ ಟ್ರಾಫಿಕ್ ಇಲ್ಲ. ಹತ್ತಿರ ಅಂತ ಕಾಣುವ ಎಚ್‌ಎಸ್‌ಆರ್ ಲೇಔಟ್‌ನವರನ್ನು ಸಂಜೆ ನೋಡಬೇಕಾದರೆ ಸಿಲ್ಕ್ ಬೋರ್ಡ್ ದಾಟಬೇಕು. ದೂರ ಅಂತ ಕಾಣುವ ವೈಟ್‌ಫೀಲ್ಡ್‌ಗೆ ವಿಜಯನಗರದಿಂದ ಮೆಟ್ರೋ ನೇರಳೆ ಮಾರ್ಗದಲ್ಲಿ ಒಂದೇ ಸಲಕ್ಕೆ ಹೋಗಬಹುದು, 2023ರ ಅಕ್ಟೋಬರ್‌ನಿಂದ ಆ ಮಾರ್ಗ ಪೂರ್ತಿ ಓಡುತ್ತಿದೆ. ನಾನು 10 ಕಿಲೋಮೀಟರ್ ಮಿತಿ ಹಾಕಿದ್ದಾಗ ಸುಮ್ನೆ ಇಂಥ ಎಷ್ಟೋ ಜನರನ್ನು ತೆಗೆದುಹಾಕಿದ್ದೆ. ಮಿತಿಯನ್ನು 25ಕ್ಕೆ ಏರಿಸಿ, ಮೆಟ್ರೋ ಸ್ಟೇಷನ್ ಹತ್ತಿರ ಇದ್ದಾರಾ ಅಂತ ಕೇಳಲು ಶುರು ಮಾಡಿದೆ.

ಈಗ ಹಿಂಜ್. ಇಲ್ಲಿ ಆರು ಫೋಟೋ, ಮೂರು ಬರಹ. ಅರ್ಧ ವಾಕ್ಯ ಆ್ಯಪ್ ಕೊಡುತ್ತದೆ, ಉಳಿದದ್ದನ್ನು 150 ಅಕ್ಷರದೊಳಗೆ ನಾವು ತುಂಬಬೇಕು. ದೊಡ್ಡ ವ್ಯತ್ಯಾಸ ಏನೆಂದರೆ, ಲೈಕ್ ಕೊಡುವಾಗ ಇಡೀ ಮನುಷ್ಯನಿಗೆ ಕೊಡಲು ಬರುವುದಿಲ್ಲ. ಒಂದು ಫೋಟೋಗೋ ಒಂದು ಸಾಲಿಗೋ ಕೊಡಬೇಕು, ಬೇಕಿದ್ದರೆ ಜೊತೆಗೆ ಒಂದು ಮಾತು ಬರೆಯಬಹುದು. ಯಾವುದಕ್ಕೆ ಬಂತು ಅಂತ ನಮಗೆ ಕಾಣುತ್ತದೆ.

ನಾನು ಒಂದು ಸಾಲನ್ನು ಕನ್ನಡದಲ್ಲೇ ಬರೆದೆ: ‘ಮಳೆ ಶುರುವಾದರೆ ಫೈಲ್ ಮುಚ್ಚಿಟ್ಟು ಕಿಟಕಿ ಹತ್ತಿರ ಕೂರ್ತೀನಿ, ಊರಿನ ಹಂಚಿನ ಸದ್ದು ನೆನಪಾಗುತ್ತೆ.’ ಬಂದ ಮೊದಲ ಮಾತುಗಳು ಅಲ್ಲಿಂದಲೇ ಶುರುವಾದವು. ತೀರ್ಥಹಳ್ಳಿ ಕಡೆಯವರೊಬ್ಬರು ‘ನಮ್ಮನೆಯಲ್ಲಿ ಆ ಸದ್ದಿಗೆ ಟಿವಿ ಕೇಳ್ತಾ ಇರಲಿಲ್ಲ’ ಅಂತ ಬರೆದರು. ಮಾತಿಗೆ ಹಿಡಿ ಸಿಕ್ಕಿತು ಅಲ್ವಾ? ಕನ್ನಡ ಬಾರದವರು ಆ ಸಾಲನ್ನು ಬಿಟ್ಟು ಫೋಟೋಗೆ ಲೈಕ್ ಕೊಟ್ಟರು. ಯಾರು ಯಾವ ಬಾಗಿಲಿನಿಂದ ಬಂದರು ಅಂತ ಮೊದಲೇ ತಿಳಿಯಿತು.

ಇಲ್ಲಿ ನನಗೆ ಮರೆಯಲಾಗದ ಒಂದು ಸಂಗತಿ ನಡೆಯಿತು. ಟಿಂಡರ್‌ನಲ್ಲಿ ನಾನು ಎಡಕ್ಕೆ ಸರಿಸಿದ್ದ ಒಬ್ಬರು ಹತ್ತು ದಿನ ಬಿಟ್ಟು ಹಿಂಜ್‌ನಲ್ಲಿ ಕಂಡರು. ಟಿಂಡರ್‌ನಲ್ಲಿ ಅವರ ಮೊದಲ ಫೋಟೋ ಕಪ್ಪು ಕನ್ನಡಕ, ಬೈಕು, ನಂದಿ ಬೆಟ್ಟದ ಮಂಜು. ಒಂದು ಸೆಕೆಂಡೂ ನಿಂತಿರಲಿಲ್ಲ ನಾನು. ಹಿಂಜ್‌ನಲ್ಲಿ ಕೆಳಗೆ ಹೋದರೆ ಒಂದು ಸಾಲು: ಭಾನುವಾರ ಬೆಳಿಗ್ಗೆ ಅಜ್ಜಿಯ ಜೊತೆ ಗಾಂಧಿ ಬಜಾರಿಗೆ ಹೋಗಿ ಹೂವಿನ ಮೊಳ ಅಳೆಯುವವರ ಕೈಯ ಉದ್ದದ ಬಗ್ಗೆ ವಾದ ಮಾಡುತ್ತೇನೆ. ಅದೇ ಮುಖ, ಅದೇ ಬೈಕ್ ಫೋಟೋ ಮೂರನೆಯದಾಗಿ ಇತ್ತು. ಆ ಸಾಲು ಓದಿದ ಮೇಲೆ ಬೈಕಿನ ಫೋಟೋ ಬೇರೆ ಥರ ಕಂಡಿತು. ಆ ಸಾಲಿಗೇ ಲೈಕ್ ಕೊಟ್ಟೆ.

ಎರಡು ವಾರ ಮಾತಾಡಿ ಬಸವನಗುಡಿಯಲ್ಲಿ ಭೇಟಿಯಾದೆವು. ಸಾಲಿನ ಮಿತಿ ಗೊತ್ತಾದದ್ದು ಅಲ್ಲಿ. ಬರಹದಲ್ಲಿ ಅಷ್ಟು ಚುರುಕಾಗಿದ್ದವರು ಎದುರಿಗೆ ತುಂಬ ನಿಧಾನ. ಪ್ರಶ್ನೆ ಕೇಳಿದರೆ ಲೋಟ ತಿರುಗಿಸುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಉತ್ತರ. ಮೊದಲ ಅರ್ಧ ಗಂಟೆ ನನಗೆ ನಿರಾಸೆಯಾಯಿತು. 150 ಅಕ್ಷರ ಬರೆಯಲು ಒಂದು ಸಂಜೆ ತೆಗೆದುಕೊಳ್ಳಬಹುದು, ಮೇಜಿನ ಮುಂದೆ ಆ ಸಮಯ ಇರುವುದಿಲ್ಲ. ಬರಹ ಓದಿ ನಾನು ಅವರ ದನಿಯನ್ನು, ವೇಗವನ್ನು, ನಗುವನ್ನು ಮನಸ್ಸಿನಲ್ಲೇ ಕಟ್ಟಿಕೊಂಡಿದ್ದೆ. ಅವರು ಸುಳ್ಳೇನೂ ಬರೆದಿರಲಿಲ್ಲ. ಖಾಲಿ ಜಾಗ ತುಂಬಿದ್ದು ನಾನು. ಫೋಟೋ ನೋಡಿ ಬಂದವರು ನಮ್ಮ ಜೀವನ ಹೇಗಿದೆ ಅಂತ ಊಹಿಸುತ್ತಾರೆ, ಸಾಲು ಓದಿ ಬಂದವರು ನಮ್ಮ ಮಾತು ಹೇಗಿದೆ ಅಂತ ಊಹಿಸುತ್ತಾರೆ.

ನಿಮಗೆ ಹೊಂದುವವರು ಇವರು ಅಂತ ಹಿಂಜ್ ತಾನೇ ಆರಿಸಿ ಕೊಡುವ ‘ಮೋಸ್ಟ್ ಕಂಪ್ಯಾಟಿಬಲ್’ ಪಟ್ಟಿಯ ಬಗ್ಗೆಯೂ ತಿಳಿದಿರಬೇಕು. 2018ರಲ್ಲಿ ಬಂದ ಇದರ ಹಿಂದೆ ಇರುವುದು ಡೇವಿಡ್ ಗೇಲ್, ಲಾಯ್ಡ್ ಶಾಪ್ಲಿ ಎಂಬ ಇಬ್ಬರು ಗಣಿತಜ್ಞರು 1962ರಲ್ಲಿ ಬರೆದ, ಜೋಡಿ ಕೂಡಿಸುವ ಲೆಕ್ಕ. ಆ ಲೆಕ್ಕ ಭರವಸೆ ಕೊಡುವುದು ಒಂದನ್ನೇ: ತಮಗೆ ಸಿಕ್ಕ ಜೋಡಿಯನ್ನು ಬಿಟ್ಟು ಪರಸ್ಪರರನ್ನೇ ಬಯಸುವ ಇಬ್ಬರು ಪಟ್ಟಿಯಲ್ಲಿ ಉಳಿಯಬಾರದು. ಇಬ್ಬರು ಒಬ್ಬರಿಗೊಬ್ಬರು ಹೊಂದುತ್ತಾರೆ ಅಂತ ಅದು ಹೇಳುವುದಿಲ್ಲ. ಯಾರ ಇಷ್ಟ ಏನು ಅನ್ನೋದನ್ನು ಆ್ಯಪ್ ನಮ್ಮ ಹಿಂದಿನ ಲೈಕ್‌ಗಳಿಂದ ಊಹೆ ಮಾಡುತ್ತದೆ. ಆದರೆ ಆ ಹೆಸರು ಕಂಡ ತಕ್ಷಣ ನಾನು ಅವರ ಬರಹವನ್ನು ಎರಡು ಸಲ ಓದುತ್ತಿದ್ದೆ, ಸಾಧಾರಣ ಸಾಲೂ ಚೆನ್ನಾಗಿ ಕಾಣುತ್ತಿತ್ತು.

ಆ ಹಣೆಪಟ್ಟಿಯ ಶಕ್ತಿ ಪೂರ್ತಿ ಅರ್ಥವಾದದ್ದು ಓಕೆಕ್ಯುಪಿಡ್‌ನಲ್ಲಿ. ಇಲ್ಲಿ ನೂರಾರು ಪ್ರಶ್ನೆ. ಪ್ರತಿಯೊಂದಕ್ಕೂ ನಮ್ಮ ಉತ್ತರ, ಎದುರಿನವರಿಂದ ಒಪ್ಪುವ ಉತ್ತರ, ಅದು ಎಷ್ಟು ಮುಖ್ಯ ಅನ್ನೋದನ್ನು ಹೇಳಬೇಕು. ಕೊನೆಗೆ ಪ್ರತಿ ಮುಖದ ಮೇಲೂ ಒಂದು ಶೇಕಡಾ ಬರುತ್ತದೆ. ಕಂಪನಿ ಹಿಂದೆ ವಿವರಿಸಿದ ಲೆಕ್ಕ ಹೀಗೆ: ಅವರ ಉತ್ತರಗಳು ನನಗೆ 90ರಷ್ಟು ಒಪ್ಪಿಗೆ, ನನ್ನವು ಅವರಿಗೆ 40ರಷ್ಟು ಒಪ್ಪಿಗೆ ಅಂತಿಟ್ಟುಕೊಳ್ಳಿ. ಎರಡನ್ನೂ ಗುಣಿಸಿದರೆ 3600. ಅದರ ವರ್ಗಮೂಲ 60. ಇದರಿಂದ ಇನ್ನೊಂದಿಷ್ಟು ಕಳೆಯುತ್ತಾರೆ, ಇಬ್ಬರೂ ಉತ್ತರಿಸಿದ ಪ್ರಶ್ನೆ ಕಡಿಮೆ ಇದ್ದಷ್ಟೂ ಕಳೆಯುವುದು ಜಾಸ್ತಿ.

ಈಗ ಯೋಚಿಸಿ. ಇಬ್ಬರೂ 60, 60 ಇದ್ದರೂ ಕಳೆಯುವ ಮೊದಲು ಅದೇ 60. ನನಗೆ ತುಂಬ ಹಿಡಿಸಿ ಅವರಿಗೆ ಹಿಡಿಸದೇ ಇದ್ದರೂ ಅದೇ 60. ಅಂಕಿ ಇದನ್ನು ಹೇಳುವುದಿಲ್ಲ. ಉತ್ತರಗಳನ್ನು ತೆರೆದು ನೋಡಿದರೆ ಸ್ವಲ್ಪ ತಿಳಿಯುತ್ತದೆ. ನಾನು ಬರೀ ಅಂಕಿ ನೋಡುವುದು ಬಿಟ್ಟು, ‘ಕಡ್ಡಾಯ’ ಅನ್ನಿಸುವ ಮೂರೇ ಪ್ರಶ್ನೆಗಳನ್ನು ತೆರೆದು ನೋಡತೊಡಗಿದೆ: ಸಿಗರೇಟು, ಮಕ್ಕಳು, ಮದುವೆ ಆದ ಮೇಲೂ ಕೆಲಸ.

ಅಂಕಿಯೇ ಮನಸ್ಸನ್ನು ತಿದ್ದುತ್ತದೆ ಅನ್ನೋದನ್ನು ಓಕೆಕ್ಯುಪಿಡ್ ತಾನೇ 2014ರಲ್ಲಿ ಬಹಿರಂಗವಾಗಿ ಬರೆದಿತ್ತು. ಲೆಕ್ಕದಲ್ಲಿ 30 ಬಂದ ಜೋಡಿಗಳಿಗೆ 90 ಅಂತ ತೋರಿಸಿ ನೋಡಿದ್ದರು. 90 ಅಂತ ನಂಬಿದವರು ಹೆಚ್ಚು ಮೆಸೇಜ್ ಮಾಡಿದರು, ಮಾತೂ ಮುಂದುವರಿಯಿತು. ಅದೇ ಬರಹದಲ್ಲಿ ಇನ್ನೊಂದು ಪ್ರಯೋಗವೂ ಇತ್ತು. 2013ರ ಜನವರಿಯಲ್ಲಿ ಒಂದು ದಿನ ಏಳು ಗಂಟೆ ಕಾಲ ಎಲ್ಲರ ಫೋಟೋ ತೆಗೆದಿಟ್ಟರು. ಮೊದಲ ಮೆಸೇಜ್‌ಗೆ ಉತ್ತರ ಬರುವುದು 44 ಶೇಕಡಾ ಹೆಚ್ಚಾಯಿತು. ಫೋಟೋ ವಾಪಸ್ ಬಂದ ತಕ್ಷಣ ನಡೆಯುತ್ತಿದ್ದ ಎಷ್ಟೋ ಮಾತು ಅಲ್ಲಿಗೇ ಸತ್ತುಹೋಯಿತು. ಬಳಸುವವರಿಗೆ ಹೇಳದೆ ಅಂಕಿ ತಿರುಚಿದ್ದು ನನಗೆ ಸರಿ ಅನ್ನಿಸುವುದಿಲ್ಲ, ಆದರೆ ಅದರಿಂದ ತಿಳಿದದ್ದು ನಿಜ.

ಹೋಗಲಿ, ಸರಿಯಾದ ಅಂಕಿಯೇ ಬಂದರೂ ಅದು ಎಲ್ಲಿಯವರೆಗೆ ನಿಜ? 2017ರಲ್ಲಿ ಸಮಂತಾ ಜೋಯೆಲ್, ಪಾಲ್ ಈಸ್ಟ್‌ವಿಕ್, ಇಲೈ ಫಿಂಕೆಲ್ ಎಂಬ ಮನಶ್ಶಾಸ್ತ್ರ ಸಂಶೋಧಕರು ನೂರಕ್ಕೂ ಹೆಚ್ಚು ಗುಣ, ಆದ್ಯತೆಗಳ ಬಗ್ಗೆ ಜನರಿಂದ ಮೊದಲೇ ಉತ್ತರ ಪಡೆದು, ಆಮೇಲೆ ಅವರನ್ನು ಒಬ್ಬೊಬ್ಬರ ಜೊತೆ ಕೆಲವೇ ನಿಮಿಷ ಮಾತಾಡುವ ಸ್ಪೀಡ್ ಡೇಟಿಂಗ್‌ನಲ್ಲಿ ಭೇಟಿ ಮಾಡಿಸಿದರು. ಯಾರು ಸಾಮಾನ್ಯವಾಗಿ ಹೆಚ್ಚು ಜನರಿಗೆ ಹಿಡಿಸುತ್ತಾರೆ ಅನ್ನೋದನ್ನು ಆ ಉತ್ತರಗಳಿಂದ ಕಂಪ್ಯೂಟರ್ ಸ್ವಲ್ಪ ಮಟ್ಟಿಗೆ ಊಹಿಸಿತು. ಈ ಒಬ್ಬರಿಗೆ ಆ ಒಬ್ಬರು ವಿಶೇಷವಾಗಿ ಹಿಡಿಸುತ್ತಾರಾ ಅನ್ನೋದನ್ನು ಊಹಿಸಲು ಆಗಲಿಲ್ಲ. ನನಗೆ 91 ತೋರಿಸಿದವರ ಜೊತೆ ಮಲ್ಲೇಶ್ವರದಲ್ಲಿ ಒಂದು ಗಂಟೆ ಕೂತಿದ್ದೆ. ಎಲ್ಲದರಲ್ಲೂ ಒಂದೇ ಅಭಿಪ್ರಾಯ, ಮಾತು ಮಾತ್ರ ಮುಂದೆ ಹೋಗಲಿಲ್ಲ.

ಮೂರರಲ್ಲಿ ಯಾವುದು ಅಂತ ಕೇಳಿದರೆ, ನನ್ನ ಥರ ಮಾತು ಬೇಕು ಅನ್ನುವವರಿಗೆ ಹಿಂಜ್. ಆದರೆ ಸಾಲು ಹಿಡಿಸಿದ ಮೇಲೆ ವಾರಗಟ್ಟಲೆ ಬರೆಯುತ್ತಾ ಕೂರಬೇಡಿ. ಎರಡು ಮೂರು ದಿನದಲ್ಲಿ ಹತ್ತು ನಿಮಿಷ ಫೋನ್ ಮಾಡಿ, ದನಿ ಕೇಳಿ. ಹಾಗೆ ಮಾಡಿದ ಮೇಲೆ ನನಗೆ ಎದುರಿಗೆ ಕೂತಾಗ ಬೆಚ್ಚಿಬೀಳುವುದು ತಪ್ಪಿತು. ಟಿಂಡರ್ ಬಳಸುವುದಾದರೆ ಫೋಟೋ ಸರದಿಯನ್ನು ನೀವೇ ಇಡಿ. ಓಕೆಕ್ಯುಪಿಡ್ ಅನ್ನು ಕಡ್ಡಾಯದ ಪ್ರಶ್ನೆಗಳಿಗೆ ಮಾತ್ರ ನಂಬಿ.

ಗಾಂಧಿ ಬಜಾರಿನವರ ಜೊತೆ ಆಮೇಲೆಯೂ ಮೂರು ಸಲ ಭೇಟಿಯಾದೆ. ಮೂರನೇ ಸಲ ಅವರ ಅಜ್ಜಿಯೂ ಬಂದಿದ್ದರು. ಹೂವಿನವಳು ಮೊಳ ಹಾಕುವಾಗ ಅವರು ನಿಧಾನವಾಗಿ, ಒಂದೊಂದೇ ಮಾತು ಸೇರಿಸಿ, ಇನ್ನೂ ನಾಲ್ಕು ಬೆರಳು ಬಿಡಿಸಿಕೊಂಡರು.