ಲೋಲಕದ ರೆಡಿಮೇಡ್ ಪ್ರೋಗ್ರಾಮ್ ಕೊಳ್ಳುವವರೇ, ಇಂಟಿಗ್ರಲ್‌ನ ಕೊನೆಯ ತುದಿ ನೋಡಿಕೊಳ್ಳಿ

ವಿಜ್ಞಾನ ಪ್ರದರ್ಶನಕ್ಕೋ ಮಿನಿ ಪ್ರಾಜೆಕ್ಟಿಗೋ ಹುಬ್ಬಳ್ಳಿ-ಧಾರವಾಡದಲ್ಲಿ ರೆಡಿಮೇಡ್ ಪ್ರೋಗ್ರಾಮ್ ತರುವವರು ದಯವಿಟ್ಟು ಇದನ್ನು ಓದಿ. ದುಡ್ಡು ಹೋಗಿದ್ದಕ್ಕಿಂತ, ತಪ್ಪು ಉತ್ತರ ಸರಿ ಉತ್ತರದ ವೇಷದಲ್ಲಿ ಬಂದಿದ್ದು ನನಗೆ ಜಾಸ್ತಿ ಬೇಸರ ತಂದಿದೆ. ನಮ್ಮ ಹುಡುಗರು ಅದನ್ನು ನಂಬಿ ರಿಪೋರ್ಟ್ ಬರೆಯತೊಡಗಿದ್ದರು.

ನಾನು ಧಾರವಾಡದಲ್ಲಿ ಫಿಸಿಕ್ಸ್ ಕಲಿಸುತ್ತೇನೆ. ನಮ್ಮ ಹುಡುಗರು ಗಟ್ಟಿ ಕಂಬಿಯ ಒಂದು ಲೋಲಕ ಮಾಡಿದ್ದರು. ಸಣ್ಣಗೆ ತೂಗಿಸಿದರೆ ಒಂದು ಪೂರ್ತಿ ತೂಗಾಟಕ್ಕೆ ಸರಿಯಾಗಿ 2.00 ಸೆಕೆಂಡ್. ಕಂಬಿಯನ್ನು ಅಡ್ಡಕ್ಕೆ, ಅಂದರೆ 90 ಡಿಗ್ರಿಗೆ ಎತ್ತಿ ಬಿಟ್ಟರೆ ಎಷ್ಟು ಹೊತ್ತು ಹಿಡಿಯುತ್ತದೆ ಎನ್ನುವುದೇ ಪ್ರಾಜೆಕ್ಟ್. ಟೈಮರ್ ಮತ್ತು ಲೆಕ್ಕದ ಪ್ರೋಗ್ರಾಮ್ ಎರಡನ್ನೂ ಹುಬ್ಬಳ್ಳಿಯ ಒಂದು ಪ್ರಾಜೆಕ್ಟ್ ಸೆಂಟರಿನಿಂದ ತಂದಿದ್ದರು. ಟೈಮರ್ 2.35 ಸೆಕೆಂಡ್ ತೋರಿಸಿತು. ಪ್ರೋಗ್ರಾಮ್ 2.79 ಎಂದಿತು.

ಸೆಂಟರಿನವರನ್ನು ಕೇಳಿದರೆ, "ಸರ, ಪ್ರೋಗ್ರಾಮ್ ಬರೋಬ್ಬರಿ ಐತ್ರಿ. ನಿಮ್ಮ ಬೇರಿಂಗ್‌ನ್ಯಾಗ ತಿಕ್ಕಾಟ ಐತಿ, ಅದನ್ನ ಬದಲಿ ಮಾಡ್ರಿ" ಎಂದರು. ತಿಕ್ಕಾಟ ಇದ್ದರೆ ತೂಗಾಟ ಬೇಗ ಸಣ್ಣದಾಗುತ್ತದೆ. ಸಣ್ಣ ತೂಗಾಟಕ್ಕೆ ಸಮಯ ಕಡಿಮೆ ಸಾಕು ನಿಜ, ಆದರೆ ಒಂದೇ ತೂಗಾಟದಲ್ಲಿ 0.44 ಸೆಕೆಂಡ್ ಕಡಿಮೆಯಾಗುವುದು ಸಾಧ್ಯವೇ ಇಲ್ಲ. ಇದನ್ನು ಹೇಳಿದರೂ ಅವರು ಒಪ್ಪಲಿಲ್ಲ. ಹುಡುಗರು ಚಿಗರಿ ಬಸ್ ಹತ್ತಿ ಹೋಗಿ, ಗೋಕುಲ ರೋಡಿನ ಕಡೆ ಹೊಸ ಬೇರಿಂಗ್ ಹಾಕಿಸಿಕೊಂಡು ಬಂದರು. ಟೈಮರ್ ಮತ್ತೆ 2.35 ಅನ್ನೇ ತೋರಿಸಿತು.

ಆಮೇಲೆ ಪ್ರೋಗ್ರಾಮ್ ಬಿಚ್ಚಿ ನೋಡಿದೆವು. ಅದು ಲೆಕ್ಕ ಹಾಕುತ್ತಿದ್ದುದು ಇದನ್ನು:

```
T = T0 * (sqrt(2)/pi) * ∫ dθ / sqrt(cos θ - cos α),   θ = 0 ... α
```

ಇಲ್ಲಿ α ಅಂದರೆ ಲೋಲಕವನ್ನು ಬಿಟ್ಟ ಕೋನ, T0 ಅಂದರೆ ಸಣ್ಣ ತೂಗಾಟದ ಸಮಯ. ಸೂತ್ರ ಸರಿಯೇ ಇದೆ. ತೊಂದರೆ ಇರುವುದು θ = α ಎನ್ನುವ ತುದಿಯಲ್ಲಿ. ಅಲ್ಲಿ ಛೇದ ಸೊನ್ನೆಯಾಗುತ್ತದೆ, ಬೆಲೆ ಅನಂತಕ್ಕೆ ಹೋಗುತ್ತದೆ. ಹಾಗಂತ ಇಂಟಿಗ್ರಲ್ ಅನಂತವಲ್ಲ. ತುದಿಯಿಂದ ದೂರ u ಎಂದುಕೊಂಡರೆ ಬೆಲೆ 1/√u ರೀತಿ ಏರುತ್ತದೆ, ಅದರ ಕೆಳಗಿನ ಕ್ಷೇತ್ರಫಲ 2√u, ಅದಕ್ಕೆ ಮಿತಿ ಇದೆ. ಆದರೆ ಈ ಪ್ರೋಗ್ರಾಮ್ ಬಳಸಿದ್ದು ಸಮಾನ ಅಂತರದ ಬಿಂದುಗಳಲ್ಲಿ ಬೆಲೆ ಕೂಡಿಸುವ ಸಿಂಪ್ಸನ್ ನಿಯಮವನ್ನು, ಅದಕ್ಕೆ ಆ ತುದಿಯ ಬೆಲೆಯೂ ಬೇಕು.

ಪ್ರೋಗ್ರಾಮ್ ಬರೆದವರು ಏನು ಮಾಡಿದ್ದರು ಗೊತ್ತಾ? ಸೊನ್ನೆಯಿಂದ ಭಾಗಿಸುವ ಎರರ್ ಬರಬಾರದು ಎಂದು ಸುಮ್ನೆ ತುದಿಯನ್ನು 0.000001 ಹಿಂದಕ್ಕೆ ಸರಿಸಿದ್ದರು. ಎರರ್ ನಿಂತಿತು. ಆದರೆ ಆ ಜಾಗದಲ್ಲಿ ಬೆಲೆ 1000. ಸಿಂಪ್ಸನ್ ನಿಯಮ ಅದನ್ನು ಅಂತರದ ಮೂರನೇ ಒಂದು ಭಾಗದಿಂದ ಗುಣಿಸಿ ಕೂಡಿಸುತ್ತದೆ. 1000 ಭಾಗ ಮಾಡಿದ್ದರಿಂದ ಅಂತರ 0.00157. ಆ ಒಂದೇ ಬಿಂದುವಿನಿಂದ 0.52 ಬಂದು ಸೇರುತ್ತದೆ. ಪೂರ್ತಿ ಇಂಟಿಗ್ರಲ್‌ನ ನಿಜವಾದ ಬೆಲೆಯೇ 2.622, ಹಾಗಾಗಿ ಈ ಒಂದು ಬಿಂದು ಎಷ್ಟು ಕೆಡಿಸುತ್ತದೆ ನೋಡಿ. ಉತ್ತರ 3.10ರ ಹತ್ತಿರ ಹೋಗುತ್ತದೆ, ಸಮಯ 2.79 ಆಗುತ್ತದೆ. ಬೇರಿಂಗ್‌ಗೂ ಇದಕ್ಕೂ ಸಂಬಂಧವೇ ಇಲ್ಲ.

ಇಂಥ ಪ್ರೋಗ್ರಾಮನ್ನು ಹಿಡಿಯುವ ಸುಲಭ ದಾರಿ ಇದೆ. ಆ 0.000001 ಅನ್ನು ಇನ್ನೂ ಚಿಕ್ಕದು ಮಾಡಿ, 0.00000001 ಹಾಕಿ. ಲೆಕ್ಕ ಪ್ರಾಮಾಣಿಕವಾಗಿದ್ದರೆ ಉತ್ತರ ಸುಧಾರಿಸಬೇಕು ಅಲ್ವಾ? ಇಲ್ಲಿ ತುದಿಯ ಬೆಲೆ 10000 ಆಗಿ, ಸಮಯ 7 ಸೆಕೆಂಡ್ ದಾಟುತ್ತದೆ. ಹೀಗೆ ತೋರಿಸಿದ ಮೇಲೆಯೇ ಸೆಂಟರಿನವರು ಸುಮ್ಮನಾದರು, "ಸರಿ ಮಾಡಿ ಕೊಡ್ತೀವ್ರಿ" ಎಂದರು.

ಆದರೆ ಅವರು ಕೊಟ್ಟ ಎರಡನೇ ಆವೃತ್ತಿ ಮೊದಲಿನದಕ್ಕಿಂತ ಅಪಾಯಕಾರಿ. ಈ ಬರಹದ ಮುಖ್ಯ ಎಚ್ಚರಿಕೆ ಅದರ ಬಗ್ಗೆಯೇ.

ಈ ಸಲ ಅವರು ಮಿಡ್‌ಪಾಯಿಂಟ್ ನಿಯಮ ಹಾಕಿದ್ದರು. ಪ್ರತಿ ಭಾಗದ ನಡುವಿನ ಬಿಂದುವಿನಲ್ಲಿ ಬೆಲೆ ತೆಗೆದುಕೊಂಡರೆ ತುದಿಯನ್ನು ಮುಟ್ಟುವ ಪ್ರಸಂಗವೇ ಬರುವುದಿಲ್ಲ. ಭಾಗಗಳನ್ನು ದುಪ್ಪಟ್ಟು ಮಾಡುತ್ತ ಹೋಗಿ, ಎರಡು ಉತ್ತರಗಳ ನಡುವೆ 0.1%ಕ್ಕಿಂತ ಕಡಿಮೆ ವ್ಯತ್ಯಾಸ ಬಂದಾಗ "converged" ಎಂದು ಪ್ರಿಂಟ್ ಮಾಡುತ್ತಿತ್ತು. 10,000 ಭಾಗಕ್ಕೆ 2.3539 ಬಂತು, 20,000ಕ್ಕೆ 2.3559. ವ್ಯತ್ಯಾಸ 0.085%. ಸ್ಕ್ರೀನಿನ ಮೇಲೆ "converged" ಬಂದೇಬಿಟ್ಟಿತು. ಟೈಮರ್‌ನ 2.35ಕ್ಕೂ ಚೆನ್ನಾಗಿ ಹೊಂದಿತು. ಹುಡುಗರಿಗೆ ಖುಷಿಯೋ ಖುಷಿ.

ನಿಜವಾದ ಉತ್ತರ 2.3607. ಟೈಮರ್ 2.35 ತೋರಿಸಲು ಬೇರೆಯೇ ಕಾರಣ ಇತ್ತು. ಮೊದಲ ತೂಗಾಟದಲ್ಲೇ ಗಾಳಿಯ ತಡೆಯಿಂದ ಲೋಲಕ 90 ಡಿಗ್ರಿಗೆ ವಾಪಸ್ ಬರದೆ 88ರ ಹತ್ತಿರ ನಿಲ್ಲುತ್ತಿತ್ತು. ಈ ಕೋನದ ಸುತ್ತಮುತ್ತ ಒಂದು ಡಿಗ್ರಿ ಕಡಿಮೆಯಾದರೆ ಸಮಯ ಸುಮಾರು 0.009 ಸೆಕೆಂಡ್ ಇಳಿಯುತ್ತದೆ. ಅಳತೆ ಕಡಿಮೆ ಬರಲು ಅದೇ ಸಾಕು. ಪ್ರೋಗ್ರಾಮ್‌ನ ದೋಷವೂ ಹೆಚ್ಚುಕಡಿಮೆ ಅಷ್ಟೇ ಕಡಿಮೆ ತೋರಿಸಿದ್ದರಿಂದ, ಗಾಳಿಯ ತಡೆ ಎನ್ನುವ ನಿಜವಾದ ವಿಷಯವೇ ಮುಚ್ಚಿಹೋಗುತ್ತಿತ್ತು. "ತಡೆಯ ಪರಿಣಾಮ ಇಲ್ಲ" ಎಂದು ರಿಪೋರ್ಟಿನಲ್ಲಿ ಬರೆದೂ ಆಗಿತ್ತು!

"converged" ಏಕೆ ಸುಳ್ಳು ಹೇಳಿತು? ಸಾಮಾನ್ಯ, ನುಣುಪಾದ ಫಂಕ್ಷನ್‌ಗೆ ಮಿಡ್‌ಪಾಯಿಂಟ್ ನಿಯಮದ ದೋಷ ಅಂತರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಭಾಗ ದುಪ್ಪಟ್ಟಾದರೆ ದೋಷ ಕಾಲು ಭಾಗ. ತುದಿಯಲ್ಲಿ 1/√u ಇದ್ದರೆ ದೋಷ ಅಂತರದ ವರ್ಗಮೂಲಕ್ಕೆ ತಕ್ಕಂತೆ ಮಾತ್ರ ಇಳಿಯುತ್ತದೆ. ನಮ್ಮ ಲೆಕ್ಕದಲ್ಲಿ 100 ಭಾಗಕ್ಕೆ ದೋಷ 2.9%, 10,000 ಭಾಗಕ್ಕೆ 0.29%, ಹತ್ತು ಲಕ್ಷ ಭಾಗಕ್ಕೆ 0.029%. ಒಂದೊಂದು ಅಂಕಿ ಸರಿಯಾಗಲು ನೂರು ಪಟ್ಟು ಕೆಲಸ ಬೇಕು. ಇಷ್ಟು ನಿಧಾನವಾಗಿ ಇಳಿಯುವಾಗ, ಕೊನೆಯ ಎರಡು ಉತ್ತರಗಳ ವ್ಯತ್ಯಾಸಕ್ಕಿಂತ ಉಳಿದ ದೋಷವೇ ಸುಮಾರು 2.4 ಪಟ್ಟು ದೊಡ್ಡದಿರುತ್ತದೆ. ವ್ಯತ್ಯಾಸ ಚಿಕ್ಕದಾಯಿತು ಎಂದರೆ ಉತ್ತರ ಹತ್ತಿರ ಬಂತು ಎಂದಲ್ಲ.

ಇದನ್ನು ಕಂಡುಹಿಡಿಯಲು ಎರಡು ಉತ್ತರ ಸಾಲುವುದಿಲ್ಲ, ಮೂರು ಬೇಕು. 40,000 ಭಾಗಕ್ಕೆ 2.3573 ಬರುತ್ತದೆ. ಮೊದಲ ವ್ಯತ್ಯಾಸ 0.0020, ಎರಡನೆಯದು 0.0014. ಒಂದನ್ನು ಇನ್ನೊಂದರಿಂದ ಭಾಗಿಸಿ: 1.4 ಬರುತ್ತದೆ. ನುಣುಪಾದ ಫಂಕ್ಷನ್ ಆಗಿದ್ದರೆ 4ರ ಹತ್ತಿರ ಬರಬೇಕಿತ್ತು, ಸಿಂಪ್ಸನ್‌ಗೆ 16. 1.4 ಎಂದರೆ √2, ಅಂದರೆ ತುದಿಯಲ್ಲಿ ವರ್ಗಮೂಲದ ತೊಂದರೆ ಇದೆ ಎಂದೇ ಅರ್ಥ. ಯಾವ ಪ್ರೋಗ್ರಾಮ್ ಕೊಟ್ಟರೂ ಈ ಅನುಪಾತ ತೆಗೆದು ನೋಡಿ.

ಪರಿಹಾರ ಭಾಗಗಳನ್ನು ಹೆಚ್ಚಿಸುವುದರಲ್ಲಿ ಇಲ್ಲ, ಚರವನ್ನೇ ಬದಲಾಯಿಸುವುದರಲ್ಲಿ ಇದೆ. ಲೋಲಕಕ್ಕೆ ಹಳೆಯ ಒಳ್ಳೆಯ ಬದಲಾವಣೆ ಒಂದಿದೆ. k = sin(α/2) ಎಂದು ಇಟ್ಟುಕೊಂಡು, sin(θ/2) = k sin φ ಎಂದು ಬರೆಯಿರಿ. ಆಗ cos θ − cos α ಎನ್ನುವುದು 2k² cos² φ ಆಗುತ್ತದೆ. ಛೇದದಲ್ಲಿ ಅದರ ವರ್ಗಮೂಲ, ಅಂದರೆ cos φ ಬರುತ್ತದೆ. ಅದೇ ಹೊತ್ತಿಗೆ dθ ತೆಗೆದರೆ ಅಂಶದಲ್ಲೂ ಒಂದು cos φ ಬರುತ್ತದೆ. ತುದಿಯಲ್ಲಿ ಎರಡೂ ಒಟ್ಟಿಗೆ ಸೊನ್ನೆಯಾಗುತ್ತವೆ, ಒಂದಕ್ಕೊಂದು ಹೊಡೆದುಹೋಗುತ್ತವೆ. ಉಳಿಯುವುದು 1/√(1 − k² sin² φ), φ ಸೊನ್ನೆಯಿಂದ π/2 ವರೆಗೆ. ಎಲ್ಲೂ ಅನಂತ ಇಲ್ಲ.

```python
from math import sin, pi, sqrt
def period(T0, a, n):
    k2 = sin(a/2)**2
    h = (pi/2)/n
    s = 0.5*(1 + 1/sqrt(1 - k2))
    for i in range(1, n):
        s += 1/sqrt(1 - k2*sin(i*h)**2)
    return T0*(2/pi)*h*s
```

ಇದು ಬರೀ ಟ್ರೆಪೆಜಾಯ್ಡಲ್ ನಿಯಮ. `period(2.0, pi/2, 2)` ಹಾಕಿದರೆ 2.3618. 4 ಭಾಗಕ್ಕೆ 2.3606819. 8 ಭಾಗಕ್ಕೆ 2.3606812, ಅಲ್ಲಿಂದ ಮುಂದೆ ಈ ಅಂಕಿಗಳು ಅಲುಗಾಡುವುದಿಲ್ಲ. ಐದು ಬಿಂದುಗಳು ಕೊಟ್ಟ ಉತ್ತರದ ಹತ್ತಿರಕ್ಕೂ ಹತ್ತು ಲಕ್ಷ ಬಿಂದುಗಳ ಮಿಡ್‌ಪಾಯಿಂಟ್ ಬರಲಿಲ್ಲ. ಇಷ್ಟು ವೇಗಕ್ಕೆ ಕಾರಣ, ಹೊಸ ಫಂಕ್ಷನ್ ಎರಡೂ ತುದಿಗಳಲ್ಲಿ ಕನ್ನಡಿಯಲ್ಲಿ ಕಂಡಂತೆ ಆಚೆಗೂ ಮುಂದುವರಿಯುತ್ತದೆ, ಪದೇ ಪದೇ ಮರುಕಳಿಸುತ್ತದೆ. ಟ್ರೆಪೆಜಾಯ್ಡಲ್ ನಿಯಮದ ದೋಷ ಹುಟ್ಟುವುದೇ ತುದಿಗಳಲ್ಲಿನ ಇಳಿಜಾರಿನಂಥ ವ್ಯತ್ಯಾಸಗಳಿಂದ. ಇಲ್ಲಿ ಅವೆಲ್ಲ ಸೊನ್ನೆ.

ಇಂಥ ಜಾಣ ಬದಲಾವಣೆ ಎಲ್ಲ ಇಂಟಿಗ್ರಲ್‌ಗೂ ಸಿಗುವುದಿಲ್ಲ. ಆಗ ಎರಡು ದಾರಿ ಇವೆ. ತುದಿಯಲ್ಲಿ 1/√u ಎಂದು ಖಚಿತವಾಗಿ ಗೊತ್ತಿದ್ದರೆ u = t² ಹಾಕಿ, du = 2t dt ಬಂದು ಛೇದದ t ಅನ್ನು ಹೊಡೆದುಹಾಕುತ್ತದೆ. ತುದಿಯ ಸ್ವಭಾವ ಗೊತ್ತಿಲ್ಲದಿದ್ದರೆ tanh-sinh ವಿಧಾನ ಇದೆ, x = tanh((π/2) sinh t). ಜಪಾನಿನ ತಕಹಾಸಿ ಮತ್ತು ಮೋರಿ 1974ರಲ್ಲಿ ಕೊಟ್ಟಿದ್ದು. ತುದಿಯನ್ನು ಅನಂತಕ್ಕೆ ತಳ್ಳಿ, ಅಲ್ಲಿಯ ತೂಕವನ್ನು ಬಹಳ ಬೇಗ ಸೊನ್ನೆಗೆ ಇಳಿಸುತ್ತದೆ. ಪೈಥಾನ್‌ನ `mpmath` ನಲ್ಲಿ `quad` ಮಾಮೂಲಾಗಿ ಬಳಸುವುದು ಇದನ್ನೇ.

ಈ ಎರಡರಲ್ಲೂ ಒಂದು ಗುಂಡಿ ಇದೆ. ಬದಲಾವಣೆ ಮಾಡಿದ ಮೇಲೂ ಪ್ರೋಗ್ರಾಮ್ ಒಳಗೆ ಮೊದಲು θ = α − t² ಲೆಕ್ಕ ಹಾಕಿ, ಆಮೇಲೆ cos θ − cos α ಕಳೆದರೆ ಕೆಟ್ಟಿತು. ತುದಿಯ ಹತ್ತಿರ ಎರಡೂ ಹೆಚ್ಚುಕಡಿಮೆ ಒಂದೇ ಸಂಖ್ಯೆ, ಕಳೆದಾಗ ಉಳಿಯುವುದು ಕಸ. ಸಾಮಾನ್ಯ ಡಬಲ್ ಸಂಖ್ಯೆಯಲ್ಲಿ 1ಕ್ಕೆ ಅತಿ ಹತ್ತಿರದ ಸಂಖ್ಯೆ ಸುಮಾರು 10⁻¹⁶ ದೂರದಲ್ಲಿದೆ. 1/√u ನಲ್ಲಿ ಅಷ್ಟು ಚೂರು ಬಿಟ್ಟುಹೋದರೂ 2×10⁻⁸ ಕಳೆದುಕೊಳ್ಳುತ್ತೀರಿ. ವಿಧಾನ ಎಷ್ಟೇ ಒಳ್ಳೆಯದಿರಲಿ, ಎಂಟು ಅಂಕಿಯ ಆಚೆ ಹೋಗುವುದಿಲ್ಲ. ತುದಿಯಿಂದ ಇರುವ ದೂರವನ್ನೇ ನೇರವಾಗಿ ಬಳಸಿ. ಲೋಲಕಕ್ಕೆ ಆ ವ್ಯತ್ಯಾಸವನ್ನು 2 sin(α − t²/2) sin(t²/2) ಎಂದು ಬರೆದರೆ ಕಳೆಯುವ ಕೆಲಸವೇ ಇರುವುದಿಲ್ಲ.

ಮೇಲಿನ ಪ್ರೋಗ್ರಾಮ್‌ಗೂ ಮಿತಿ ಇದೆ. α 180 ಡಿಗ್ರಿಗೆ ಹತ್ತಿರವಾದಂತೆ k ಒಂದಕ್ಕೆ ಹತ್ತಿರ ಹೋಗುತ್ತದೆ, φ = π/2 ಬಳಿ ಫಂಕ್ಷನ್ ಮತ್ತೆ ಚೂಪಾಗುತ್ತದೆ. 170 ಡಿಗ್ರಿಗೆ ಆರು ಅಂಕಿ ಬೇಕೆಂದರೆ 4 ಭಾಗ ಸಾಲದು, ನಲವತ್ತರ ಹತ್ತಿರ ಬೇಕು. n ಅನ್ನು ದುಪ್ಪಟ್ಟು ಮಾಡಿ ನೋಡಿ, ಅಂಕಿಗಳು ನಿಲ್ಲುವವರೆಗೆ ಏರಿಸಿ. ಸರಿಯಾಗಿ 180 ಡಿಗ್ರಿ ಮಾತ್ರ ಕೊಡಬೇಡಿ, ಅಲ್ಲಿ ಇಂಟಿಗ್ರಲ್ ನಿಜಕ್ಕೂ ಅನಂತ.