ಶವೆಲ್ ನೈಟ್ ಜೊತೆ ಐದು ಮಳೆಗಾಲ

ಸಲಿಕೆ ಹಿಡಿದ ಯೋಧನ ಆಟ ಶವೆಲ್ ನೈಟ್ ಕೊಂಡು ಐದು ಮಳೆಗಾಲ ಕಳೆದವು. ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಜೆ ಹೊರಗೆ ಹೋಗುವ ಮಾತಿಲ್ಲ, ಹಾಗಾಗಿ ಈ ಗೇಮ್ ಆಡಿದ್ದೆಲ್ಲ ಜಾಸ್ತಿ ಮಳೆಯ ಸದ್ದಿನ ನಡುವೆಯೇ. ನಾನು ತೆಗೆದುಕೊಂಡದ್ದು ಟ್ರೆಷರ್ ಟ್ರೋವ್. ಅದರಲ್ಲಿ 2014ರ ಮೂಲ ಆಟ, ಆಮೇಲೆ 2019ರವರೆಗೆ ಒಂದೊಂದಾಗಿ ಸೇರಿದ ಮೂರು ಕಥೆಗಳು, ಎಲ್ಲವೂ ಇವೆ.

ನಾನು ಚಿಕ್ಕವನಿದ್ದಾಗ ಅಣ್ಣನ ಜೊತೆ ಕೂತು ಕಾಂಟ್ರಾ ಆಡಿ ಬೆಳೆದವನು. ಮನೆಯಲ್ಲಿದ್ದದ್ದು ನಿಂಟೆಂಡೊದ ನಕಲಿ ಸೆಟ್. ಕ್ಯಾಸೆಟ್ ಬಾಯಿಗೆ ಉಫ್ ಅಂತ ಊದಿ ಹಾಕಬೇಕು, ಟಿವಿಯ ಚಾನೆಲ್ ತಿರುಗಿಸಿ ಚಿತ್ರ ಹಿಡಿಯಬೇಕು. ಆ ರುಚಿ ಬೇಕು ಅಂತಲೇ ಇದನ್ನು ಕೊಂಡೆ.

ಚಿತ್ರದಲ್ಲಿ ಅದು ಮೊದಲ ದಿನವೇ ಸಿಕ್ಕಿತು. ಹಳೆ ನಿಂಟೆಂಡೊದ ಬಣ್ಣಗಳನ್ನೇ ಹಿಡಿದು, ಬೇಕಾದಲ್ಲಿ ಕೆಲವು ಮಾತ್ರ ಹೆಚ್ಚಿಗೆ ಸೇರಿಸಿಕೊಂಡಿದ್ದಾರೆ. ಸಂಗೀತ ಜೇಕ್ ಕಾಫ್‌ಮನ್ ಅವರದು. ಮೊದಲ ಮೆಗಾ ಮ್ಯಾನ್‌ಗೆ ಸಂಗೀತ ಕೊಟ್ಟ ಮನಾಮಿ ಮತ್ಸುಮಾಯೆ ಕೂಡ ಇದಕ್ಕೆ ಎರಡು ರಾಗ ಮಾಡಿದ್ದಾರೆ. ಹಳೆಯದರಲ್ಲಿ ಬಿಟ್ಟುಬಿಟ್ಟದ್ದೂ ಉಂಟು. ನಮ್ಮ ಸೆಟ್ಟಿನಲ್ಲಿ ಶತ್ರುಗಳು ಒಂದೇ ಸಾಲಿಗೆ ಬಂದರೆ ಮಿಣಮಿಣ ಅನ್ನುತ್ತಿದ್ದವು, ನೆನಪಿದೆಯಾ? ಆ ಯಂತ್ರಕ್ಕೆ ಪರದೆಯ ಒಂದು ಗೆರೆಯಲ್ಲಿ ಎಂಟಕ್ಕಿಂತ ಜಾಸ್ತಿ ಬೊಂಬೆ ತುಂಡು ತೋರಿಸಲು ಆಗುತ್ತಿರಲಿಲ್ಲ. ಹಾಗಾಗಿ ಆಟಗಳು ಅವನ್ನು ಸರದಿಯ ಮೇಲೆ ತೋರಿಸುತ್ತಿದ್ದವು. ಶವೆಲ್ ನೈಟ್‌ನಲ್ಲಿ ಆ ಮಿಣುಕು ಇಲ್ಲ, ಅದಿಲ್ಲದ್ದು ಒಳ್ಳೆಯದೇ.

ತೊಂದರೆ ಆದದ್ದು ಕೈಯಲ್ಲಿ. ಈ ಆಟದ ಜೀವ ಇರುವುದು ಒಂದು ಚಲನೆಯಲ್ಲಿ: ಜಿಗಿದು, ಗಾಳಿಯಲ್ಲಿರುವಾಗ ಕೆಳಗಿನ ಬಟನ್ ಒತ್ತಿ, ಸಲಿಕೆಯ ಮೊನೆಯಿಂದ ಶತ್ರುವಿನ ತಲೆಗೆ ಕುಟ್ಟಿ ಮತ್ತೆ ಮೇಲೇಳುವುದು. ಪ್ರೊಪೆಲರ್ ನೈಟ್ ಅನ್ನುವ ಶತ್ರುವಿನ ಹಾರುವ ಹಡಗಿನಲ್ಲಿ ಕೆಳಗೆ ನೆಲವೇ ಇಲ್ಲ, ಗಾಳಿ ಬೇರೆ ತಳ್ಳುತ್ತದೆ. ತಲೆಯ ಮೇಲೆ ಪಂಕ ತಿರುಗಿಸಿಕೊಂಡು ಹಾರುವ ಇಲಿಗಳನ್ನು ಕುಟ್ಟುತ್ತಲೇ ದಾಟಬೇಕು. ನಾನು ಪ್ರತಿ ಸಲವೂ ಎರಡನೇ ಇಲಿಯ ಹತ್ತಿರ ಬೀಳುತ್ತಿದ್ದೆ. ಒತ್ತಿದ್ದು ಸರಿಯಾಗಿತ್ತು ಅಂತ ಬೆರಳು ಹೇಳುತ್ತಿತ್ತು, ಪರದೆ ಒಪ್ಪುತ್ತಿರಲಿಲ್ಲ.

ಮೊದಲು ವಯಸ್ಸಾಯಿತು ಅಂದುಕೊಂಡೆ. ಆಮೇಲೆ ಇನ್ನೊಂದು ಕಾರಣ ಹೊಳೆಯಿತು. ನಮ್ಮ ಕಡೆಯ ಹಳೆ ಟಿವಿಗಳು ಪಾಲ್ ಪದ್ಧತಿಯವು, ಸೆಕೆಂಡಿಗೆ 50 ಚಿತ್ರ. ಕಾಂಟ್ರಾದ ಜಪಾನ್, ಅಮೆರಿಕದ ಪ್ರತಿಗಳು 60 ಚಿತ್ರದ ಲೆಕ್ಕದಲ್ಲಿ ಬರೆದವು. ಪಾಲ್ ಟಿವಿಗೆ ಹೊಂದಿಸಿದ ನಕಲಿ ಸೆಟ್ಟಿನಲ್ಲಿ ಅದೇ ಆಟ ಆರರಲ್ಲಿ ಒಂದು ಪಾಲು ನಿಧಾನವಾಗಿ ಓಡುತ್ತದೆ. ನಮ್ಮ ಬೆರಳು ಕಲಿತದ್ದು ಆ ನಿಧಾನವನ್ನು. ಶವೆಲ್ ನೈಟ್ ಓಡುವುದು 60ರಲ್ಲಿ. ಮೊದಲ ವಾರ ಎಲ್ಲವೂ ಅವಸರ ಅನಿಸಿದರೆ ಹೆದರಬೇಡಿ, ಹತ್ತು ದಿನದಲ್ಲಿ ಕೈ ಕೂಡುತ್ತದೆ. ನನಗೂ ಕೂಡಿತು. ಆದರೂ ಎರಡನೇ ಇಲಿ ದಾಟಲಿಲ್ಲ.

ಒಂದು ಭಾನುವಾರ ಕರೆಂಟ್ ಹೋಯಿತು. ಲ್ಯಾಪ್‌ಟಾಪನ್ನು ಟಿವಿಯಿಂದ ಬಿಚ್ಚಿ, ಅದರ ಚಿಕ್ಕ ಪರದೆಯಲ್ಲೇ ಆಡಿದೆ. ಮೂರನೇ ಪ್ರಯತ್ನಕ್ಕೆ ಇಲಿಗಳ ಸಾಲು ದಾಟಿದೆ! ಆಗ ಟಿವಿಯ ಮೇಲೆ ಅನುಮಾನ ಬಂತು.

ಪರೀಕ್ಷೆ ಸುಲಭ, ನೀವೂ ಮಾಡಬಹುದು. ಕರೆಂಟ್ ಬಂದ ಮೇಲೆ ಎರಡೂ ಪರದೆಯಲ್ಲಿ ಒಂದೇ ಚಿತ್ರ ಬರುವಂತೆ ಇಟ್ಟೆ. ಫೋನಿನ ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಚಿತ್ರದ ವೇಗಕ್ಕೆ ಹಾಕಿ, ಎರಡೂ ಒಟ್ಟಿಗೆ ಕಾಣುವಂತೆ ವಿಡಿಯೊ ತೆಗೆದೆ. ಅಕ್ಕನ ಮಗ ಜಿಗಿಯುವ ಬಟನ್ ಒತ್ತಿದ. ವಿಡಿಯೊವನ್ನು ಒಂದೊಂದೇ ಚಿತ್ರ ಸರಿಸುತ್ತ ಎಣಿಸಿದೆವು. ಲ್ಯಾಪ್‌ಟಾಪಿನಲ್ಲಿ ನೈಟ್ ನೆಲ ಬಿಟ್ಟ ಮೇಲೆ ಟಿವಿಯಲ್ಲಿ ಅವನು ನೆಲ ಬಿಡಲು 24 ಚಿತ್ರ ಹಿಡಿಯಿತು. "ಮಾಮಾ, ಟಿವಿಯವನು ನಿದ್ದೆಗಣ್ಣಲ್ಲಿದ್ದಾನೆ" ಅಂದ. 240ಕ್ಕೆ ಒಂದು ಸೆಕೆಂಡಾದರೆ 24ಕ್ಕೆ ಸೆಕೆಂಡಿನ ಹತ್ತರಲ್ಲೊಂದು ಪಾಲು. 60ರ ಆಟದಲ್ಲಿ ಅದು ಆರು ಫ್ರೇಮ್. ಇಲಿ ಕಾಲಡಿ ಬಂದದ್ದು ನಮಗೆ ಕಾಣುವಷ್ಟರಲ್ಲಿ ಆಟದೊಳಗೆ ಅದು ಮುಂದೆ ಹೋಗಿ ಆಗಿರುತ್ತದೆ.

ಹಳೆ ಡಬ್ಬಾ ಟಿವಿಯಲ್ಲಿ ಈ ಕಾಟ ಇರಲಿಲ್ಲ. ಸಿಗ್ನಲ್ ಬಂದ ಹಾಗೆಯೇ ಗೆರೆ ಗೆರೆಯಾಗಿ ಚಿತ್ರ ಬರೆಯುತ್ತಿತ್ತು, ನಡುವೆ ಕೂಡಿಟ್ಟುಕೊಳ್ಳುತ್ತಿರಲಿಲ್ಲ. ಈಗಿನ ಟಿವಿ ಚಿತ್ರವನ್ನು ಹಿಡಿದಿಟ್ಟು, ಹಿಗ್ಗಿಸಿ, ನುಣುಪು ಮಾಡಿ ತೋರಿಸುತ್ತದೆ. ಟಿವಿಯ ಪಿಕ್ಚರ್ ಮೆನುವಿನಲ್ಲಿ ಗೇಮ್ ಮೋಡ್ ಅಂತ ಒಂದು ಇರುತ್ತದೆ, ಅದು ಆ ಅಲಂಕಾರಗಳನ್ನು ಬಹುಪಾಲು ಬಿಡುತ್ತದೆ. ಅದನ್ನು ಹಾಕಿ ಮತ್ತೆ ಎಣಿಸಿದಾಗ 24 ಇದ್ದದ್ದು 5ಕ್ಕೆ ಇಳಿಯಿತು, ಅಂದರೆ ಆಟದ ಒಂದು ಫ್ರೇಮ್‌ಗಿಂತ ಸ್ವಲ್ಪ ಜಾಸ್ತಿ. ನೆನಪಿಡಿ, ಇದು ಟಿವಿ ಲ್ಯಾಪ್‌ಟಾಪಿಗಿಂತ ಎಷ್ಟು ಹಿಂದೆ ಅನ್ನುವ ಲೆಕ್ಕ ಮಾತ್ರ. ಲ್ಯಾಪ್‌ಟಾಪಿನ ಸ್ವಂತ ತಡ ಇದರಲ್ಲಿ ಸೇರಿಲ್ಲ. ನನ್ನ ಟಿವಿಯಲ್ಲಿ ಗೇಮ್ ಮೋಡ್ ಒಂದೊಂದು ಎಚ್‌ಡಿಎಂಐ ತೂತಿಗೂ ಬೇರೆ ಬೇರೆ. ಕೇಬಲ್ ಬದಲಿಸಿ ಹಾಕಿದ ದಿನ ಮತ್ತೆ ಹಳೇ ಕಥೆ ಶುರುವಾಗಿ, ಆಮೇಲೆ ಇದು ತಿಳಿಯಿತು.

ಆ ರಾತ್ರಿಯೇ ಹಾರುವ ಹಡಗು ಮುಗಿಸಿದೆ. ಗೇಮ್ ಕಷ್ಟದ್ದೇ, ಆದರೆ ನ್ಯಾಯವಾಗಿದೆ ಅಂತ ಆಮೇಲೆ ಗೊತ್ತಾಯಿತು. ಇದರಲ್ಲಿ ಮೂರು ಜೀವ ಮುಗಿದರೆ ಆಟ ಮುಗಿಯಿತು ಅನ್ನುವುದು ಇಲ್ಲ. ಸತ್ತರೆ ನಿಮ್ಮ ಚಿನ್ನದಲ್ಲಿ ಒಂದಷ್ಟು ರೆಕ್ಕೆಯ ಚೀಲಗಳಾಗಿ ಸತ್ತ ಜಾಗದಲ್ಲೇ ತೇಲುತ್ತಿರುತ್ತದೆ. ವಾಪಸ್ ಹೋಗಿ ಹಿಡಿದುಕೊಳ್ಳಬಹುದು, ದಾರಿಯಲ್ಲಿ ಮತ್ತೆ ಸತ್ತರೆ ಅದು ಹೋಯಿತು. ಚೆಕ್‌ಪಾಯಿಂಟ್ ದೀಪವನ್ನು ಬೇಕಿದ್ದರೆ ಒಡೆದು ಹಣ ಮಾಡಿಕೊಳ್ಳಬಹುದು. ಒಡೆದರೆ ಸತ್ತಾಗ ಇನ್ನೂ ಹಿಂದಿನಿಂದ ಬರಬೇಕು. ಧೈರ್ಯ ಎಷ್ಟಿದೆ ಅಂತ ಆಟ ಕೇಳುತ್ತದೆ, ಉತ್ತರ ನಮ್ಮದು. ಅಕ್ಕನ ಮಗ ಎಲ್ಲವನ್ನೂ ಒಡೆಯುತ್ತಾನೆ. ನಾನು ಮೊದಲೆರಡು ಮಾತ್ರ.

ಬೇರೆ ಕಥೆಗಳಲ್ಲಿ ಸ್ಪೆಕ್ಟರ್ ನೈಟ್‌ನದು ನನಗೆ ಎಲ್ಲಕ್ಕಿಂತ ಇಷ್ಟ. ಗೋಡೆ ಹತ್ತಿ, ಗಾಳಿಯಲ್ಲಿ ಓರೆಯಾಗಿ ಸೀಳಿಕೊಂಡು ಹೋಗುವ ಆಟ ಅದು. ಪ್ಲೇಗ್ ನೈಟ್‌ನ ಬಾಂಬು ಕೈಗೆ ಒಗ್ಗಲಿಲ್ಲ, ಅರ್ಧಕ್ಕೆ ಬಿಟ್ಟೆ.

ಕಡಲ ಕಡೆಯವರಿಗೆ ಕಂಟ್ರೋಲರ್ ಬಗ್ಗೆ ಒಂದು ಮಾತು. ಮೂರನೇ ಮಳೆಗಾಲದಲ್ಲಿ ನನ್ನದರ ಕೆಳಗಿನ ಬಟನ್ ಆಗಾಗ ಕೈಕೊಟ್ಟಿತು. ಜೋರಾಗಿ ಒತ್ತಿದರೆ ಮಾತ್ರ ಕೆಲಸ, ಮೆಲ್ಲಗೆ ಒತ್ತಿದರೆ ಇಲ್ಲ. ಹೀಗಾದರೆ ಅದು ಟಿವಿಯ ತಡ ಅಲ್ಲ. ಟಿವಿ ತಡ ಪ್ರತಿ ಸಲವೂ ಒಂದೇ ಅಳತೆ, ಎಲ್ಲ ಬಟನ್ನಿಗೂ ಒಂದೇ. ಬಿಚ್ಚಿ ನೋಡಿದರೆ ಸ್ಕ್ರೂ ತುಕ್ಕು ಹಿಡಿದಿತ್ತು, ರಬ್ಬರಿನ ಕೆಳಗಿನ ಕರಿ ಚುಕ್ಕೆಯ ಮೇಲೆ ಜಿಡ್ಡಿನ ಪೊರೆ ಕೂತಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿ ಅದ್ದಿ ಮೆಲ್ಲಗೆ ಒರೆಸಿ, ಪೂರ್ತಿ ಒಣಗಿದ ಮೇಲೆ ಜೋಡಿಸಿದೆ. ಸರಿಹೋಯಿತು. ಒತ್ತಿ ಉಜ್ಜಬೇಡಿ, ಆ ಕರಿ ಪದರವೇ ಎದ್ದು ಬರುತ್ತದೆ. ಈಗ ಆಟ ಮುಗಿದ ಕೂಡಲೇ ಅದು ಸ್ಟೀಲ್ ಡಬ್ಬಿಯೊಳಗೆ, ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣಗಳ ಜೊತೆ ಹೋಗುತ್ತದೆ.

ಮೂಲ ಕಥೆಯನ್ನು ಇಬ್ಬರು ಒಟ್ಟಿಗೆ ಆಡಬಹುದು. ಹೋದ ಚೌತಿಗೆ ಅಣ್ಣ ಊರಿಗೆ ಬಂದಾಗ ಎರಡನೇ ಕಂಟ್ರೋಲರ್ ಕೊಟ್ಟೆ. ಮೊದಲ ಅರ್ಧ ಗಂಟೆ "ಇದು ಯಾಕೆ ಇಷ್ಟು ಓಡ್ತದೆ ಮಾರಾಯ" ಅಂತಲೇ ಇದ್ದ. ರಾತ್ರಿ ಹನ್ನೊಂದರ ಹೊತ್ತಿಗೆ ಅವನೇ ಮುಂದೆ ಹೋಗಿ, ನಾನು ಒಡೆಯದೆ ಬಿಟ್ಟ ಮೂರನೇ ದೀಪವನ್ನು ಒಡೆದ.